ಸತ್ತವರ ಮಾನ ಯಾರ ಸ್ವತ್ತು?

1966ರ ಮಾರ್ಚ್‌ನಲ್ಲಿ ಪಶ್ಚಿಮ ಜರ್ಮನಿಯ ಹ್ಯಾಂಬರ್ಗ್ ನಗರದ ಮೇಲ್ಮನವಿ ನ್ಯಾಯಾಲಯ ಒಂದು ಕಾದಂಬರಿಯ ಪ್ರಕಟಣೆಯನ್ನು ತಡೆಯಿತು. ಆ ಕಾದಂಬರಿಯಿಂದ ಯಾರ ಹೆಸರಿಗೆ ಮಸಿ ಹತ್ತಿತು ಎಂದು ದೂರಲಾಗಿತ್ತೋ ಆ ನಟ ತೀರಿಕೊಂಡು ಆಗಲೇ ಎರಡು ವರ್ಷ ದಾಟಿತ್ತು. ಮಸಿ ಬಳಿದವನು ಎನಿಸಿಕೊಂಡ ಲೇಖಕನಂತೂ ಸತ್ತು ಹದಿನೇಳನೇ ವರ್ಷ ನಡೆಯುತ್ತಿತ್ತು. ಕಟಕಟೆಯ ಒಂದು ಬದಿಗೆ ನಟನ ದತ್ತುಪುತ್ರ, ಇನ್ನೊಂದು ಬದಿಗೆ ಪುಸ್ತಕ ಅಚ್ಚು ಹಾಕಿಸಿದ ಪ್ರಕಾಶಕ. ಜಗಳ ಯಾರದೋ ಅವರಿಬ್ಬರೂ ಅಲ್ಲಿರಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಏಕೆ ಆಡಬಾರದು ಎಂದು ಕೇಳಿದರೆ ಉತ್ತರಗಳು ಒಂದೊಂದು ದಿಕ್ಕಿಗೆ ಹೋಗುತ್ತವೆ. ಮನೆಯವರಿಗೆ ನೋವಾಗುತ್ತದೆ ಎನ್ನುತ್ತಾರೆ ಕೆಲವರು. ಅವರು ಎದ್ದು ಬಂದು ಉತ್ತರ ಕೊಡಲಾರರು ಎನ್ನುತ್ತಾರೆ ಇನ್ನು ಕೆಲವರು. ಹೋದವರಿಗೇ ತಟ್ಟುತ್ತದೆ ಎಂದು ನಂಬುವವರೂ ಇದ್ದಾರೆ. ಈ ಮೂರು ಉತ್ತರಗಳಲ್ಲಿ ಅನ್ಯಾಯಕ್ಕೆ ಒಳಗಾದವರು ಬೇರೆ ಬೇರೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನ್ಯಾಯಾಲಯ ಗಮನಿಸಲೇಬೇಕಾಗುತ್ತದೆ, ಏಕೆಂದರೆ ಫಿರ್ಯಾದಿ ಯಾರು ಎಂದು ಗೊತ್ತಾಗದೆ ಯಾವ ಮೊಕದ್ದಮೆಯೂ ನಡೆಯದು. ಆದ್ದರಿಂದಲೇ ಹ್ಯಾಂಬರ್ಗಿನಲ್ಲಿ ಶುರುವಾಗಿ ಐದು ವರ್ಷ ಮೇಲಿನ ಕೋರ್ಟುಗಳನ್ನು ಹತ್ತಿದ ಈ ಪ್ರಕರಣವನ್ನು ಇಷ್ಟು ವರ್ಷಗಳ ಮೇಲೂ ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ಇಬ್ಬರು ಗೆಳೆಯರು, ಒಂದು ಕಾದಂಬರಿ

ನಟನ ಹೆಸರು ಗುಸ್ತಾಫ್ ಗ್ರುಂಡ್‌ಗೆನ್ಸ್. ಜರ್ಮನ್ ರಂಗಭೂಮಿಯ ಇಪ್ಪತ್ತನೇ ಶತಮಾನದ ದೊಡ್ಡ ಹೆಸರುಗಳಲ್ಲಿ ಒಂದು. ಗಯಟೆಯ 'ಫೌಸ್ಟ್' ನಾಟಕದಲ್ಲಿ ಅವನು ಮಾಡುತ್ತಿದ್ದ ಸೈತಾನ ಮೆಫಿಸ್ಟೊನ ಪಾತ್ರ ಅವನ ಹೆಸರಿಗೇ ಅಂಟಿಕೊಂಡಿತ್ತು. ಲೇಖಕ ಕ್ಲೌಸ್ ಮಾನ್, ನೊಬೆಲ್ ಪಡೆದ ಕಾದಂಬರಿಕಾರ ಥಾಮಸ್ ಮಾನ್‌ನ ಹಿರಿಯ ಮಗ. ಇಪ್ಪತ್ತರ ದಶಕದಲ್ಲಿ ಇವರಿಬ್ಬರೂ ಒಂದೇ ರಂಗದ ಮೇಲೆ ನಟಿಸಿದ ಗೆಳೆಯರು. ಕ್ಲೌಸ್‌ನ ಅಕ್ಕ ಎರಿಕಾಳನ್ನು ಗ್ರುಂಡ್‌ಗೆನ್ಸ್ 1926ರಲ್ಲಿ ಮದುವೆಯಾದ. ಆ ಮದುವೆ ಮೂರು ವರ್ಷ ಉಳಿಯಿತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದಾರಿಗಳು ಬೇರೆಯಾದವು. ಮಾನ್ ಕುಟುಂಬ ದೇಶ ಬಿಟ್ಟಿತು. ಮರುವರ್ಷ ಕ್ಲೌಸ್‌ನ ಪೌರತ್ವವನ್ನೇ ನಾತ್ಸಿ ಸರ್ಕಾರ ಕಿತ್ತುಕೊಂಡಿತು. ಗ್ರುಂಡ್‌ಗೆನ್ಸ್ ಬರ್ಲಿನ್‌ನಲ್ಲೇ ಉಳಿದ. ಹರ್ಮನ್ ಗೋರಿಂಗ್‌ನ ಕೃಪೆಯಿಂದ 1934ರಲ್ಲಿ ಪ್ರಷ್ಯದ ಸರ್ಕಾರಿ ರಂಗಮಂದಿರದ ಮುಖ್ಯಸ್ಥನಾದ, ಆಮೇಲೆ ರಾಜ್ಯ ಸಲಹೆಗಾರ ಎಂಬ ಪದವಿಯನ್ನೂ ಪಡೆದ. ಹೊರಗೆ ಅಲೆಯುತ್ತಿದ್ದ ಗೆಳೆಯನಿಗೆ ಇದು ಹೇಗೆ ಕಂಡಿರಬೇಕು ಎಂದು ಊಹಿಸುವುದು ಕಷ್ಟವಲ್ಲ. ನಾತ್ಸಿ ಆಳ್ವಿಕೆಯಲ್ಲಿ ಮೇಲೇರುವ ನಟನೊಬ್ಬನ ಕಥೆ ಬರಿ ಎಂದು ಇನ್ನೊಬ್ಬ ದೇಶಭ್ರಷ್ಟ ಲೇಖಕ ಹರ್ಮನ್ ಕೆಸ್ಟನ್ 1935ರಲ್ಲಿ ಸೂಚಿಸಿದ. ಮರುವರ್ಷವೇ ಆಮ್‌ಸ್ಟರ್‌ಡ್ಯಾಮಿನಲ್ಲಿ 'ಮೆಫಿಸ್ಟೊ' ಅಚ್ಚಾಯಿತು. ನಾಯಕನ ಹೆಸರು ಹೆಂಡ್ರಿಕ್ ಹೋಫ್‌ಗೆನ್. ಅವನ ರೂಪ, ನಡಿಗೆ, ಪ್ರಾಂತೀಯ ರಂಗಮಂದಿರದಿಂದ ಬರ್ಲಿನ್‌ವರೆಗಿನ ಏರಿಕೆ, ಮದುವೆ, ಮೆಫಿಸ್ಟೊ ಪಾತ್ರ, ದಪ್ಪ ಮೈಯ ವಾಯುಪಡೆ ಜನರಲ್‌ನ ಆಶ್ರಯ ಇವನ್ನೆಲ್ಲ ಓದಿದ ಯಾವ ಜರ್ಮನ್ ಓದುಗನಿಗೂ ಇದು ಯಾರೆಂದು ಗೊತ್ತಾಗದೆ ಇರಲಿಲ್ಲ.

ಇದು ವ್ಯಕ್ತಿಚಿತ್ರವಲ್ಲ, ಒಂದು ಮಾದರಿ ಮನುಷ್ಯನ ಚಿತ್ರ ಎಂದು ಕ್ಲೌಸ್ ಕೊನೆಯವರೆಗೂ ಸಾಧಿಸಿದ. ಪ್ಯಾರಿಸ್‌ನ ಪತ್ರಿಕೆಯೊಂದು ಧಾರಾವಾಹಿಯಾಗಿ ಹಾಕುವಾಗ ಇದು ಗ್ರುಂಡ್‌ಗೆನ್ಸ್ ಬಗ್ಗೆಯೇ ಎಂದು ಜಾಹೀರು ಮಾಡಿದ್ದಕ್ಕೆ ಪ್ರತಿಭಟನೆಯನ್ನೂ ದಾಖಲಿಸಿದ. ಅವನ ಮಾತನ್ನು ಪೂರ್ತಿ ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ಒಬ್ಬ ಮನುಷ್ಯನ ಬದುಕಿನ ಇಷ್ಟು ಗುರುತುಗಳನ್ನು ಎತ್ತಿಟ್ಟ ಮೇಲೆ, ಜೊತೆಗೆ ಸೇರಿಸಿದ ಕಲ್ಪನೆಯೂ ಅದೇ ಮನುಷ್ಯನ ತಲೆಗೆ ಹೋಗುತ್ತದೆ ಎಂಬುದು ಬರೆಯುವವನಿಗೆ ತಿಳಿದಿರಲೇಬೇಕು.

ಕಲ್ಪನೆ ಇದ್ದದ್ದು ನಿಜ. ಕಾದಂಬರಿಯ ಹೋಫ್‌ಗೆನ್‌ಗೆ ಕಪ್ಪು ವರ್ಣದ ಒಬ್ಬ ನರ್ತಕಿಯ ಜೊತೆ ಗುಟ್ಟಾದ, ಹಿಂಸೆಯ ಛಾಯೆಯ ಸಂಬಂಧವಿದೆ. ತನ್ನ ಸ್ಥಾನಕ್ಕೆ ಕುತ್ತು ಬಂದಾಗ ಅವಳನ್ನು ಅವನು ನೀಚವಾಗಿ ತೊಲಗಿಸುತ್ತಾನೆ. ಗ್ರುಂಡ್‌ಗೆನ್ಸ್‌ನ ಬದುಕಿನಲ್ಲಿ ಅಂಥದ್ದು ನಡೆದಿರಲಿಲ್ಲ. ಗ್ರುಂಡ್‌ಗೆನ್ಸ್ ಸಲಿಂಗಿಯಾಗಿದ್ದ, ಕ್ಲೌಸ್ ಕೂಡ. ಆ ಕಾಲದ ಜರ್ಮನಿಯಲ್ಲಿ ಅದನ್ನು ಬರೆದಿದ್ದರೆ ಎದುರಾಳಿಯ ಜೀವಕ್ಕೇ ಅಪಾಯ. ಆ ಆಯುಧವನ್ನು ಕೈಗೆತ್ತಿಕೊಳ್ಳಲು ಮನಸ್ಸಾಗದೆ ಕ್ಲೌಸ್ ಅದರ ಜಾಗದಲ್ಲಿ ಈ ನರ್ತಕಿಯನ್ನು ತಂದ ಎಂಬುದು ಕಾದಂಬರಿಯನ್ನು ಹತ್ತಿರದಿಂದ ಓದಿದ ಹಲವರ ವಿವರಣೆ. ಹಾಗಿದ್ದರೆ, ಒಂದು ಸತ್ಯವನ್ನು ಮುಚ್ಚಲು ಹೆಣೆದ ಕಥೆಯೇ ಮೂವತ್ತು ವರ್ಷಗಳ ಮೇಲೆ ಕೋರ್ಟಿನಲ್ಲಿ ಅವನ ಪುಸ್ತಕಕ್ಕೆ ಉರುಳಾಯಿತು.

ಯುದ್ಧ ಮುಗಿಯಿತು. ಸೋವಿಯತ್ ಪಡೆ ಗ್ರುಂಡ್‌ಗೆನ್ಸ್‌ನನ್ನು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಿತು. ಅವನ ಪರ ಮಾತಾಡಿದವನು ಕಮ್ಯುನಿಸ್ಟ್ ಗಾಯಕ-ನಟ ಎರ್ನ್ಸ್ಟ್ ಬುಷ್. ನಾತ್ಸಿ ಕೋರ್ಟಿನಲ್ಲಿ ಬುಷ್‌ಗೆ ಮರಣದಂಡನೆ ಎದುರಾಗಿದ್ದಾಗ ವಕೀಲರನ್ನು ಹಿಡಿದು, ತನ್ನ ಪ್ರಭಾವ ಬಳಸಿ ಉಳಿಸಿದವನು ಗ್ರುಂಡ್‌ಗೆನ್ಸ್. ಈ ಸಂಗತಿ 1936ರ ಕಾದಂಬರಿಯಲ್ಲಿ ಇರಲು ಸಾಧ್ಯವೇ ಇಲ್ಲ, ಅದು ನಡೆದದ್ದು ಯುದ್ಧದ ಕೊನೆಯ ವರ್ಷಗಳಲ್ಲಿ. ಅಚ್ಚಾದ ಪುಸ್ತಕ ಮನುಷ್ಯನನ್ನು ಒಂದು ವರ್ಷಕ್ಕೆ ಕಟ್ಟಿಹಾಕುತ್ತದೆ. ಅವನು ಆಮೇಲೆ ಬದುಕಿದ ಬದುಕು ಅದರೊಳಗೆ ಹೋಗುವುದಿಲ್ಲ.

ಮತ್ತೆ ರಂಗಕ್ಕೆ ಬಂದ ಗ್ರುಂಡ್‌ಗೆನ್ಸ್ ಡುಸೆಲ್‌ಡಾರ್ಫ್, ಆಮೇಲೆ ಹ್ಯಾಂಬರ್ಗಿನಲ್ಲಿ ರಂಗಮಂದಿರಗಳನ್ನು ನಡೆಸಿದ, ಜರ್ಮನಿಯೇ ಮೆಚ್ಚಿತು. ಕ್ಲೌಸ್ ಮಾನ್‌ಗೆ ತಾಯ್ನಾಡು ಹಾಗೆ ತೆರೆದುಕೊಳ್ಳಲಿಲ್ಲ. 1949ರ ಮೇನಲ್ಲಿ ಒಬ್ಬ ಪ್ರಕಾಶಕ, ಗ್ರುಂಡ್‌ಗೆನ್ಸ್ ಇಲ್ಲೀಗ ಬಹಳ ದೊಡ್ಡ ಮನುಷ್ಯ, ಆದ್ದರಿಂದ 'ಮೆಫಿಸ್ಟೊ' ತರಲಾಗುವುದಿಲ್ಲ ಎಂಬರ್ಥದ ಕಾಗದ ಬರೆದ. ಕ್ಲೌಸ್ ಸಿಟ್ಟಿನಿಂದ ಉತ್ತರಿಸಿದ. ಅದೇ ತಿಂಗಳ 21ರಂದು ಫ್ರಾನ್ಸಿನ ಕಾನ್‌ನಲ್ಲಿ ನಿದ್ದೆಮಾತ್ರೆ ನುಂಗಿ ಸತ್ತ. ಗ್ರುಂಡ್‌ಗೆನ್ಸ್ ಸತ್ತದ್ದು 1963ರ ಅಕ್ಟೋಬರ್ 7ರಂದು, ಪ್ರವಾಸದಲ್ಲಿದ್ದಾಗ, ಮನಿಲಾದಲ್ಲಿ. ಅದಕ್ಕೆ ಸ್ವಲ್ಪ ಮೊದಲೇ ಮ್ಯೂನಿಕ್‌ನ ನಿಂಫೆನ್‌ಬುರ್ಗರ್ ಪ್ರಕಾಶನ ಪುಸ್ತಕವನ್ನು ಪಶ್ಚಿಮ ಜರ್ಮನಿಗೆ ತರಲು ಹೊರಟಿತ್ತು. ಹೀಗೆ ಇಬ್ಬರೂ ಹೋದ ಮೇಲೆ ದತ್ತುಪುತ್ರನೂ ಏಕೈಕ ವಾರಸುದಾರನೂ ಆದ ಪೀಟರ್ ಗೋರ್ಸ್ಕಿ ಕೋರ್ಟಿಗೆ ಹೋದ.

ಮೂರು ಮೂರು ಮತ

ಕೆಳಗಿನ ಕೋರ್ಟು 1965ರಲ್ಲಿ ಗೋರ್ಸ್ಕಿಯ ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯಲ್ಲಿ ಗೋರ್ಸ್ಕಿ ಗೆದ್ದ. 1968ರಲ್ಲಿ ಫೆಡರಲ್ ನ್ಯಾಯಾಲಯ ತಡೆಯನ್ನು ಎತ್ತಿಹಿಡಿಯಿತು. ಪ್ರಕಾಶಕ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದ. 1971ರ ಫೆಬ್ರುವರಿ 24ರಂದು ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಮೂರು-ಮೂರಾಗಿ ಒಡೆದರು. ಸಮ ಬಿದ್ದಾಗ ಸಂವಿಧಾನದ ಉಲ್ಲಂಘನೆ ಆಗಿದೆ ಎಂದು ಹೇಳುವಂತಿಲ್ಲ, ಆದ್ದರಿಂದ ತಡೆ ಉಳಿಯಿತು.

ಕಲೆಯ ಸ್ವಾತಂತ್ರ್ಯ ಎಷ್ಟು ದೂರ ಹೋಗಬಹುದು ಎಂಬುದೇ ಅವರನ್ನು ಒಡೆದದ್ದು. ಸತ್ತವನ ಕುರಿತು ಆ ತೀರ್ಪು ಹೇಳಿದ್ದು ಮಾತ್ರ ಸ್ಪಷ್ಟವಾಗಿದೆ. ವ್ಯಕ್ತಿತ್ವವನ್ನು ತನಗೆ ಬೇಕಾದಂತೆ ಅರಳಿಸಿಕೊಳ್ಳುವ ಹಕ್ಕು ಬದುಕಿರುವವನಿಗೆ ಮಾತ್ರ, ಸಾವಿನೊಂದಿಗೆ ಅದು ಮುಗಿಯುತ್ತದೆ. ಆದರೆ ಜರ್ಮನ್ ಸಂವಿಧಾನದ ಮೊದಲ ವಿಧಿ ಮನುಷ್ಯನ ಘನತೆಯನ್ನು ಕಾಯುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆ ಹೊಣೆ ಸಾವಿನೊಂದಿಗೆ ಮುಗಿಯುವುದಿಲ್ಲ. ಉಸಿರು ನಿಂತ ಮರುಕ್ಷಣ ಒಬ್ಬನನ್ನು ಹೇಗೆ ಬೇಕಾದರೂ ಹೀಗಳೆಯಬಹುದು ಎಂದಾದರೆ, ಬದುಕಿದ್ದಾಗ ಅವನಿಗೆ ಕೊಟ್ಟ ಘನತೆಯೂ ಪೊಳ್ಳಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಇಲ್ಲಿ ಗೋರ್ಸ್ಕಿಗೆ ನೋವಾಯಿತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅವನು ಸತ್ತವನ ಪರವಾಗಿ ನಿಂತವನು ಮಾತ್ರ. ಅನ್ಯಾಯವಾದದ್ದು ಗ್ರುಂಡ್‌ಗೆನ್ಸ್‌ಗೇ.

ಈ ರಕ್ಷಣೆಗೆ ಕಾಲದ ಮಿತಿಯೂ ಇದೆ. ಸತ್ತವನ ನೆನಪು ಜನಮನದಲ್ಲಿ ಮಸುಕಾದಂತೆಲ್ಲ ಅವನ ಹೆಸರನ್ನು ಕಾಯುವ ಅಗತ್ಯವೂ ಮಸುಕಾಗುತ್ತದೆ ಎಂದು ನ್ಯಾಯಾಲಯಗಳು ಹೇಳಿದವು. ಇಂತಿಷ್ಟು ವರ್ಷ ಎಂದು ಗೆರೆ ಎಳೆಯಲಿಲ್ಲ. 1981ರಲ್ಲಿ ರೋವೋಲ್ಟ್ ಎಂಬ ಬೇರೆ ಪ್ರಕಾಶನ ಇದೇ ಧೈರ್ಯದ ಮೇಲೆ 'ಮೆಫಿಸ್ಟೊ'ವನ್ನು ಅಗ್ಗದ ಆವೃತ್ತಿಯಲ್ಲಿ ತಂದಿತು. ಯಾರೂ ಕೋರ್ಟಿಗೆ ಹೋಗಲಿಲ್ಲ, ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಅದೇ ವರ್ಷ ಹಂಗೆರಿಯ ಇಸ್ತ್ವಾನ್ ಸಾಬೊ ಮಾಡಿದ ಸಿನಿಮಾ ಮುಂದೆ ಆಸ್ಕರ್ ಪಡೆಯಿತು. ಹಳೆಯ ತಡೆಯಾಜ್ಞೆಯನ್ನು ಮಾತ್ರ ಯಾವ ಕೋರ್ಟೂ ರದ್ದು ಮಾಡಲಿಲ್ಲ.

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಹ್ಯಾಂಬರ್ಗಿನ ಮೇಲ್ಮನವಿ ಕೋರ್ಟು ಬರೆದ ಒಂದು ಮಾತು. 1933ರ ನಂತರದ ಜರ್ಮನ್ ರಂಗಭೂಮಿಯ ಬಗ್ಗೆ ದೇಶ ಬಿಟ್ಟುಹೋದವನೊಬ್ಬನ ಕಣ್ಣಿನಿಂದ ಮೂಡಿದ ಸುಳ್ಳು ಚಿತ್ರವನ್ನು ಪಡೆಯಲು ಜನಕ್ಕೆ ಆಸಕ್ತಿಯಿಲ್ಲ ಎಂಬುದು ಅದರ ಸಾರ. ಕ್ಲೌಸ್ ಮಾನ್ ದೇಶ ಬಿಟ್ಟದ್ದು ಮೋಜಿಗಲ್ಲ. ಅವನ ಪೌರತ್ವ ಕಿತ್ತುಕೊಂಡವರು ಯಾರು ಎಂಬುದು ಆ ನ್ಯಾಯಾಧೀಶರಿಗೆ ತಿಳಿಯದ್ದಲ್ಲ. ಸತ್ತ ಒಬ್ಬನ ಹೆಸರನ್ನು ಉಳಿಸುವ ಆದೇಶದೊಳಗೇ ಸತ್ತ ಇನ್ನೊಬ್ಬನನ್ನು, ಅವನ ಬದುಕಿನ ಅತಿ ಕಷ್ಟದ ಹನ್ನೆರಡು ವರ್ಷಗಳನ್ನು, ಹೀಗೆ ತಳ್ಳಿಹಾಕಿದರು. ಅವನೂ ಎದ್ದು ಬಂದು ಉತ್ತರ ಕೊಡಲಾರದವನೇ. ಅವನ ಘನತೆಯ ಪರವಾಗಿ ಆ ಕೋರ್ಟಿನಲ್ಲಿ ಯಾರೂ ಅರ್ಜಿ ಹಾಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕೇಳಿಸದ ಮಾತು ತಟ್ಟುತ್ತದೆಯೇ?

ಸತ್ತವನಿಗೆ ಅನ್ಯಾಯ ಸಾಧ್ಯವೇ ಎಂಬ ಅನುಮಾನ ಬಹಳ ಹಳೆಯದು. ಗ್ರೀಸಿನ ಎಪಿಕ್ಯೂರಸ್‌ನ ವಾದ ನೇರವಾಗಿದೆ: ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ. ಒಳಿತು ಕೆಡುಕುಗಳೆರಡೂ ಅನುಭವದಲ್ಲಿ ಇರುವಂಥವು, ಅನುಭವಿಸುವವನೇ ಇಲ್ಲದ ಮೇಲೆ ಕೆಡುಕು ಯಾರಿಗೆ? ಅವನಿಗಿಂತ ಮೊದಲಿನ ಅರಿಸ್ಟಾಟಲ್‌ಗೆ ಇಷ್ಟು ಧೈರ್ಯವಿರಲಿಲ್ಲ. ಮಕ್ಕಳ ಏಳುಬೀಳು, ಸಂದ ಗೌರವ, ಆದ ಅಗೌರವ ಇವು ಸತ್ತವರಿಗೂ ಸ್ವಲ್ಪ ತಟ್ಟಬಹುದು, ಆದರೆ ಸುಖವಾಗಿ ಬಾಳಿದವನನ್ನು ದುಃಖಿ ಎನಿಸುವಷ್ಟಲ್ಲ ಎಂದು ಅವನು ಎರಡೂ ಕಡೆ ಕೈಯಾಡಿಸಿ ಬಿಟ್ಟ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯವರಿಗೆ ಈ ಪ್ರಶ್ನೆ ಬಾಧಿಸುವುದಿಲ್ಲ, ಹಿರಿಯರು ಅವರ ಪಾಲಿಗೆ ಇದ್ದೇ ಇದ್ದಾರೆ. ಆ ನಂಬಿಕೆ ಇರುವವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಇಲ್ಲದವರಿಗೂ ಒಂದು ಉತ್ತರ ಇದೆ ಎಂಬುದಷ್ಟೇ ನನ್ನ ವಾದ.

ಒಬ್ಬ ಮೇಷ್ಟರನ್ನು ಊಹಿಸಿಕೊಳ್ಳಿ. ಮೂವತ್ತು ವರ್ಷ ಪಾಠ ಹೇಳಿದ ಊರಿನಿಂದ ನಿವೃತ್ತರಾಗಿ ದೂರದ ಮಗಳ ಮನೆಗೆ ಹೋಗಿದ್ದಾರೆ. ಅವರು ಹೋದ ಮೇಲೆ ಹಳೆಯ ಊರಿನಲ್ಲಿ ಯಾರೋ, ಶಾಲೆಯ ಕಟ್ಟಡ ನಿಧಿಯನ್ನು ಮೇಷ್ಟ್ರೇ ನುಂಗಿದರು ಎಂದು ಹಬ್ಬಿಸಿದರು. ಊರು ನಂಬಿತು. ಮೇಷ್ಟರ ಕಿವಿಗೆ ಅದು ಬೀಳಲೇ ಇಲ್ಲ. ಅವರ ಊಟ, ನಿದ್ದೆ, ಮೊಮ್ಮಕ್ಕಳ ಆಟ ಯಾವುದಕ್ಕೂ ಅಡ್ಡಿಯಾಗಲಿಲ್ಲ. ಆದರೂ ಅವರಿಗೆ ಅನ್ಯಾಯವಾಗಿದೆ ಎನ್ನಲು ನಮ್ಮಲ್ಲಿ ಯಾರೂ ಹಿಂಜರಿಯುವುದಿಲ್ಲ. ಎಂದಮೇಲೆ ಅನ್ಯಾಯ ಆಗಲು ಅದು ಕಿವಿಗೆ ಬೀಳಬೇಕಾದ್ದಿಲ್ಲ, ನೋವಾಗಬೇಕಾದ್ದೂ ಇಲ್ಲ. ಈಗ ಆ ಮೇಷ್ಟರು ಕಳೆದ ವರ್ಷವೇ ತೀರಿಕೊಂಡಿದ್ದರು, ಸುದ್ದಿ ಹಬ್ಬಿದ್ದು ಈ ವರ್ಷ ಎಂದಿಟ್ಟುಕೊಳ್ಳಿ. ಅವರ ಅನುಭವದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಮೊದಲನೆಯದು ಅನ್ಯಾಯವಾದರೆ ಎರಡನೆಯದೂ ಅನ್ಯಾಯವೇ.

ಆಗ ಅದು ಆದದ್ದು ಯಾರಿಗೆ ಎಂಬ ಎಪಿಕ್ಯೂರಸ್‌ನ ಪ್ರಶ್ನೆ ಉಳಿಯುತ್ತದೆ. 1984ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾರ್ಜ್ ಪಿಚರ್ ಒಂದು ಲೇಖನದಲ್ಲಿ ಇದನ್ನು ಬಿಡಿಸಿದ ರೀತಿ ನನಗೆ ಸರಿ ಕಾಣುತ್ತದೆ. ಸತ್ತವನನ್ನು ಎರಡು ಬಗೆಯಾಗಿ ನೆನೆಯಬಹುದು ಎನ್ನುತ್ತಾನೆ ಅವನು: ಈಗ ಇರುವ ದೇಹ ಅಥವಾ ಬೂದಿ ಒಂದು, ಬದುಕಿದ್ದಾಗಿನ ಆ ಮನುಷ್ಯ ಇನ್ನೊಂದು. ಬೂದಿಗೆ ಯಾರೂ ಅನ್ಯಾಯ ಮಾಡಲಾರರು. ಆದರೆ ಬದುಕಿದ್ದ ಆ ಮನುಷ್ಯನ ಬಗ್ಗೆ ನಾವು ಇಂದಿಗೂ ಮಾತಾಡುತ್ತೇವೆ, ಅವನ ಬಗ್ಗೆ ನಿಜ ಹೇಳುತ್ತೇವೆ, ಸುಳ್ಳು ಹೇಳುತ್ತೇವೆ. ಅವನು ಬಯಸಿದ್ದು, ಗಳಿಸಿದ್ದು, ಕಾಪಾಡಿಕೊಂಡಿದ್ದು ಅವನ ಉಸಿರಿನಾಚೆಗೂ ಚಾಚಿಕೊಂಡಿತ್ತು. ಉಯಿಲು ಬರೆಯುವವರು ಬರೆಯುವುದೇ ಈ ಭರವಸೆಯ ಮೇಲೆ. ಅದನ್ನು ಇಂದು ಮುರಿದರೆ ಮುರಿಯುವುದು ಅಂದಿನ ಮನುಷ್ಯನಿಗೆ ಸೇರಿದ್ದು.

ಈ ವಾದವನ್ನು ಒಪ್ಪದವರೂ ಇದ್ದಾರೆ. ಇಂದಿನ ಸುಳ್ಳು ಹಿಂದಕ್ಕೆ ಹೋಗಿ ಮುಗಿದ ಬದುಕನ್ನು ಹೇಗೆ ಮುಟ್ಟೀತು ಎಂಬುದು ಅವರ ಆಕ್ಷೇಪ. ಮುಟ್ಟುವುದಿಲ್ಲ, ಮೇಷ್ಟರು ಬದುಕಿದ ದಿನಗಳಲ್ಲಿ ಒಂದು ನಿಮಿಷವೂ ಬದಲಾಗುವುದಿಲ್ಲ. ಅನ್ಯಾಯಕ್ಕೆ ಅಷ್ಟು ಬೇಕೂ ಇಲ್ಲ. ನಿಧಿಗೆ ಕೈ ಹಾಕದ ಮನುಷ್ಯನನ್ನು ಕಳ್ಳ ಎಂದರೆ ಸಾಕು.

ಇದೇ ತರ್ಕ ಇನ್ನೊಂದು ಕಡೆಗೂ ಹರಿಯುತ್ತದೆ, ಅಲ್ಲಿ ನಮ್ಮ ಗಾದೆಮಾತಿನ ಸಂಪ್ರದಾಯಕ್ಕೆ ಪೆಟ್ಟು ಬೀಳುತ್ತದೆ. ಅನ್ಯಾಯ ಇರುವುದು ಸುಳ್ಳಿನಲ್ಲಿ ಎಂದಾದರೆ, ನಿಜವಾದ ಕೆಟ್ಟದ್ದನ್ನು ಹೇಳಿದಾಗ ಸತ್ತವನಿಗೆ ಅನ್ಯಾಯವಾಗುವುದಿಲ್ಲ. ಅವನು ನಿಜವಾಗಿ ಮಾಡಿದ್ದು ಅವನದೇ. ಮೇಷ್ಟರು ನಿಧಿಯನ್ನು ನುಂಗಿದ್ದರೆ, ತೀರಿಕೊಂಡರು ಎಂಬ ಕಾರಣಕ್ಕೆ ಊರು ಬಾಯಿ ಮುಚ್ಚಿಕೊಂಡರೆ, ಅನ್ಯಾಯ ಆಗುವುದು ಬೇರೆಯವರಿಗೆ, ಬಹುಶಃ ಆ ಹಣದ ಲೆಕ್ಕ ಕೇಳಿ ಬೈಸಿಕೊಂಡಿದ್ದ ಬಡ ಗುಮಾಸ್ತನಿಗೆ. ಎಷ್ಟೋ ಹೆಣ್ಣುಮಕ್ಕಳು ಮಾವನ, ಯಜಮಾನನ, ಗುರುವಿನ ಕಿರುಕುಳವನ್ನು ಅವನು ಸತ್ತ ಮೇಲಷ್ಟೇ ಬಾಯಿಬಿಡುತ್ತಾರೆ. ಬದುಕಿದ್ದಾಗ ಹೇಳುವ ಶಕ್ತಿ ಇರಲಿಲ್ಲ. ಕೊನೆಗೂ ಬಾಯಿ ತೆರೆದಾಗ, ಸತ್ತವರ ಸುದ್ದಿ ಈಗೇಕಮ್ಮ ಎಂದು ಅದೇ ಮನೆಯವರು ಅಡಗಿಸುತ್ತಾರೆ. ಆ ಮಾತು ಸತ್ತವನ ಮೇಲಿನ ಗೌರವದಿಂದ ಬಂದದ್ದೆಂದು ನಾನು ನಂಬಲಾರೆ. ಉಳಿದವರ ಮರ್ಯಾದೆಯನ್ನು ಸತ್ತವನ ಹೆಸರಿನಲ್ಲಿ ಕಾಯುವ ಉಪಾಯ ಅದು. ಶ್ರದ್ಧಾಂಜಲಿ ಸಭೆಯಲ್ಲಿ ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಕರೆಯುವವರನ್ನು ನಾವು ಸಹಿಸಿಕೊಳ್ಳುತ್ತೇವೆ, ಆ ಎಮ್ಮೆ ಒದ್ದ ಗಾಯ ಇನ್ನೂ ಮಾಯದವರನ್ನು ಸಹಿಸುವುದಿಲ್ಲ.

ಬೆಂಗಳೂರಿನ ಕೋರ್ಟಿಗೆ ಬಂದಿದ್ದರೆ

ಗೋರ್ಸ್ಕಿ ತನ್ನ ದೂರನ್ನು ಹ್ಯಾಂಬರ್ಗಿನ ಬದಲು ಬೆಂಗಳೂರಿಗೆ ತಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನಮ್ಮ ಕಾನೂನಿನ ಒಳಗು ಕಾಣುತ್ತದೆ.

ಸಿವಿಲ್ ಕೋರ್ಟಿನ ಬಾಗಿಲು ಮೊದಲೇ ಮುಚ್ಚಿರುತ್ತದೆ. ಮಾನಕ್ಕಾದ ಹಾನಿ ಆ ವ್ಯಕ್ತಿಯೊಂದಿಗೇ ಸಾಯುತ್ತದೆ ಎಂಬುದು ನಾವು ಇಂಗ್ಲಿಷರಿಂದ ಪಡೆದ ತತ್ತ್ವ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 306ನೇ ಕಲಂ, ಸತ್ತವನ ಬಹುತೇಕ ದಾವೆಗಳನ್ನು ವಾರಸುದಾರರು ಮುಂದುವರಿಸಬಹುದು ಎನ್ನುತ್ತಲೇ ಮಾನಹಾನಿಯನ್ನು ಹೊರಗಿಡುತ್ತದೆ. ದಾವೆ ಹೂಡಿದವನೇ ನಡುವೆ ಸತ್ತರೆ? ಸಂಕುಣ್ಣಿ ಎಳುತ್ತಚ್ಛನ್ ಎಂಬವರ ಪ್ರಕರಣದಲ್ಲಿ 1980ರ ದಶಕದ ನಡುವೆ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸೋತು ಮೇಲ್ಮನವಿ ಹಾಕಿದವನು ಸತ್ತರೆ ಮೇಲ್ಮನವಿಯೂ ಅಲ್ಲಿಗೇ ಮುಗಿಯಿತು. ಅವನು ಗೆದ್ದು, ಎದುರಾಳಿ ಮೇಲ್ಮನವಿ ಹಾಕಿದ್ದರೆ ಮಾತ್ರ ವಾರಸುದಾರರು ನಡೆಸಬಹುದು, ಏಕೆಂದರೆ ಡಿಕ್ರಿಯಾದ ಪರಿಹಾರದ ಹಣ ಆಗಲೇ ಅವನ ಆಸ್ತಿಯೊಳಗೆ ಸೇರಿದೆ. ಗೆದ್ದ ಹಣ ಮಕ್ಕಳಿಗೆ ಇಳಿಯುತ್ತದೆ, ಕಳೆದ ಮಾನ ಇಳಿಯುವುದಿಲ್ಲ. ನಟ ಸುಶಾಂತ್ ಸಿಂಗ್ ರಜಪೂತ್ ಬದುಕನ್ನು ಆಧರಿಸಿದ ಸಿನಿಮಾದ ವಿರುದ್ಧ ಅವರ ತಂದೆ ಹೋದಾಗ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದೇ ಜಾಡಿನದು: ಖಾಸಗಿತನ, ವ್ಯಕ್ತಿತ್ವದ ಹಕ್ಕುಗಳು ಅವರೊಂದಿಗೇ ಮುಗಿದವು, ತಂದೆಗೆ ಅವು ಬರಲಿಲ್ಲ.

ಉಳಿದ ದಾರಿ ಕ್ರಿಮಿನಲ್ ಕೋರ್ಟು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯನ್ನು ಅಪರಾಧವೆನ್ನುತ್ತದೆ. ಎರಡು ವರ್ಷದವರೆಗೆ ಸಾದಾ ಸೆರೆ, ದಂಡ, ಅಥವಾ ಈಗ ಹೊಸದಾಗಿ ಸಮುದಾಯ ಸೇವೆಯ ಶಿಕ್ಷೆ. ಅದರ ಮೊದಲ ವಿವರಣೆ ಸತ್ತವರ ಕುರಿತದ್ದು. ಬದುಕಿದ್ದರೆ ಅವರ ಹೆಸರಿಗೆ ಧಕ್ಕೆ ತರುವಂಥ ಆರೋಪ ಅದಾಗಿರಬೇಕು. ಜೊತೆಗೆ, ಅವರ ಕುಟುಂಬದವರ ಅಥವಾ ಹತ್ತಿರದ ಬಂಧುಗಳ ಭಾವನೆಯನ್ನು ನೋಯಿಸುವ ಉದ್ದೇಶವೂ ಇರಬೇಕು. ಈ ಎರಡೂ ಒಟ್ಟಿಗೆ ಇದ್ದರಷ್ಟೇ ಅಪರಾಧ. ಪೊಲೀಸರು ತಾವಾಗಿ ಕೇಸು ಹಾಕುವಂತಿಲ್ಲ, ನೊಂದವರೇ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬೇಕು. ಮೂರು ವರ್ಷದೊಳಗೆ ಕೊಡಬೇಕು.

ಗೋರ್ಸ್ಕಿಯ ದೂರನ್ನು ಇದಕ್ಕೆ ಹಚ್ಚಿ ನೋಡಿ. ಮೊದಲ ಭಾಗ ಸಲೀಸು, ಕಾದಂಬರಿಯ ಚಿತ್ರ ಹೆಸರಿಗೆ ಧಕ್ಕೆ ತರುವಂಥದ್ದೇ. ಎರಡನೆಯದರಲ್ಲಿ ದೂರು ಬಿದ್ದುಹೋಗುತ್ತದೆ. ಕ್ಲೌಸ್ 1936ರಲ್ಲಿ ಬರೆಯುವಾಗ ಗೋರ್ಸ್ಕಿ ಆ ಕುಟುಂಬದವನೇ ಅಲ್ಲ, ದತ್ತು ನಡೆದದ್ದು ಯುದ್ಧದ ನಂತರ. ಇಲ್ಲದ ಮಗನ ಭಾವನೆಯನ್ನು ನೋಯಿಸುವ ಉದ್ದೇಶ ಲೇಖಕನಿಗೆ ಹೇಗಿದ್ದೀತು? ಅರವತ್ತರ ದಶಕದ ಪ್ರಕಾಶಕನ ಉದ್ದೇಶ ಪುಸ್ತಕ ಮಾರುವುದು, ಗೋರ್ಸ್ಕಿಯನ್ನು ನೋಯಿಸುವುದಲ್ಲ. ಕ್ಲೌಸ್ ಬರೆದದ್ದರಲ್ಲಿ ಯಾವುದು ನಿಜ, ಯಾವುದು ಕಟ್ಟಿದ್ದು, ನರ್ತಕಿಯ ಕಥೆಯಿಂದ ಗ್ರುಂಡ್‌ಗೆನ್ಸ್‌ಗೆ ಆದದ್ದೇನು ಎಂಬ ಮುಖ್ಯ ಪ್ರಶ್ನೆಯ ಹತ್ತಿರಕ್ಕೂ ನಮ್ಮ ಕೋರ್ಟು ಹೋಗಬೇಕಾಗಿರಲಿಲ್ಲ. ಪುಸ್ತಕ ಉಳಿಯುತ್ತಿತ್ತು, ಅದು ನನಗೆ ಒಪ್ಪಿಗೆಯೇ. ಉಳಿಯಲು ಸಿಕ್ಕ ಕಾರಣ ಮಾತ್ರ ತಪ್ಪು.

ನಮ್ಮ ಕಾನೂನಿನಲ್ಲಿ ಸತ್ತವನಿಗೆ ಜಾಗವಿಲ್ಲ, ಅವನ ನೆಂಟರಿಗಿದೆ. ಇದರಿಂದ ಎರಡು ಕೆಡುಕು. ಅಣ್ಣತಮ್ಮಂದಿರು, ಮಕ್ಕಳು ಯಾರೂ ಇಲ್ಲದೆ ಹೋದ ಮನುಷ್ಯನ ಮೇಲೆ ಎಂಥ ಹಸಿ ಸುಳ್ಳನ್ನು ಹೊರಿಸಿದರೂ ಅಪರಾಧವಲ್ಲ, ನೋಯಲು ಯಾರೂ ಇಲ್ಲ. ಅದೇ ದೊಡ್ಡ ಮನೆತನದವನ ಬಗ್ಗೆ ಅವನಿಂದಲೇ ನೊಂದವಳೊಬ್ಬಳು ನಿಜ ಹೇಳಿದರೆ ಕೋರ್ಟಿನ ಸಮನ್ಸು ಬರಬಹುದು. ನಿಜವಾದ ಮಾತಿಗೆ ವಿನಾಯಿತಿ ಇದೆ ನಿಜ. ಆದರೆ ಬರೀ ನಿಜವಾದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು, ಮತ್ತು ಅದನ್ನು ತೋರಿಸಬೇಕಾದವಳು ಅವಳೇ. ಎದುರಾಳಿ ಸತ್ತಿದ್ದಾನೆ, ಸಾಕ್ಷಿಗಳು ಚದುರಿದ್ದಾರೆ. ಖುಲಾಸೆ ಆಗುವ ಹೊತ್ತಿಗೆ ವರ್ಷಗಳ ಅಲೆದಾಟವೇ ಶಿಕ್ಷೆಯಾಗಿರುತ್ತದೆ.

ಭಾವನೆಯನ್ನು ಅಳತೆಗೋಲು ಮಾಡಿಕೊಂಡರೆ ಕಾಲವೂ ತಿರುಗುಮುರುಗಾಗುತ್ತದೆ. ಕರ್ನಾಟಕದಲ್ಲಿ ಅದಕ್ಕೆ ಉದಾಹರಣೆ ಇದೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿ 1995ರಲ್ಲಿ ಬಂತು. ಹನ್ನೆರಡನೇ ಶತಮಾನದ ಶರಣೆ, ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಚಿತ್ರಣದ ಬಗ್ಗೆ ತೀವ್ರ ವಿರೋಧ ಎದ್ದು, 1997ರಲ್ಲಿ ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮುಂತಾದವರು ಅದನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಜರ್ಮನ್ ನ್ಯಾಯಾಲಯ ನೆನಪು ಮಸುಕಾದಂತೆ ರಕ್ಷಣೆಯೂ ಸವೆಯುತ್ತದೆ ಎಂದಿತ್ತು. ಇಲ್ಲಿ ಎಂಟುನೂರು ವರ್ಷಗಳ ಮೇಲೆ ರಕ್ಷಣೆ ಇನ್ನಷ್ಟು ಬಲವಾಗಿತ್ತು, ಏಕೆಂದರೆ ಇಲ್ಲಿ ತೂಗಿದ್ದು ಇಂದು ಬದುಕಿರುವವರ ಭಾವನೆ ಮತ್ತು ಊರಿನ ಶಾಂತಿ. ನಾಗಲಾಂಬಿಕೆಗೆ ಅನ್ಯಾಯವಾಯಿತೇ, ಆಧಾರಗಳು ಏನು ಹೇಳುತ್ತವೆ ಎಂಬುದು ವಿದ್ವಾಂಸರು ಕೂತು ಬಗೆಹರಿಸಬೇಕಾದ ಪ್ರಶ್ನೆಯಾಗಿತ್ತು. ಆ ಶರಣೆಗೆ ಸಲ್ಲಬೇಕಾದ ಗೌರವವೂ ಅದೇ ಆಗಿತ್ತು ಎಂದು ನಾನು ತಿಳಿಯುತ್ತೇನೆ.

ಹಾಗಾದರೆ ಹ್ಯಾಂಬರ್ಗಿನ ದಾರಿ ಸರಿಯೇ? ಅನ್ಯಾಯ ಆದದ್ದು ಯಾರಿಗೆ ಎಂಬುದನ್ನು ಜರ್ಮನ್ ಕೋರ್ಟುಗಳು ಸರಿಯಾಗಿ ಗುರುತಿಸಿದವು. ಆದರೆ ಕೊಟ್ಟ ಮದ್ದು ತಪ್ಪಾಗಿತ್ತು. ಕಾದಂಬರಿಯನ್ನು ಹದಿನೈದು ವರ್ಷ ತಡೆದದ್ದರಿಂದ ಗ್ರುಂಡ್‌ಗೆನ್ಸ್ ಬಗ್ಗೆ ಒಂದು ಸುಳ್ಳೂ ಸರಿಹೋಗಲಿಲ್ಲ. ಅವನ ಪರವಾದ ಬುಷ್‌ನ ಸಾಕ್ಷ್ಯ ಓದುಗರಿಗೆ ಮುಟ್ಟಲಿಲ್ಲ. ಕೊನೆಗೆ ಪುಸ್ತಕ ಹೊರಬಂದಾಗ ನಿಷೇಧದ ಹೆಗ್ಗಳಿಕೆಯನ್ನೇ ಹೊತ್ತು ಬಂತು, ಹೋಫ್‌ಗೆನ್‌ನೇ ಗ್ರುಂಡ್‌ಗೆನ್ಸ್ ಎಂದು ನಂಬಿದವರು ಮೊದಲಿಗಿಂತ ಹೆಚ್ಚಾದರು. 1965ರಲ್ಲಿ ಪುಸ್ತಕ ಮೊದಲು ಅಂಗಡಿಗೆ ಬಂದಾಗ ಒಂದು ಮುನ್ನುಡಿಯನ್ನು ಸೇರಿಸಲು ಕೋರ್ಟು ಹೇಳಿತ್ತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ಮುನ್ನುಡಿಯಲ್ಲಿ ಯಾವುದು ನಡೆದದ್ದು, ಯಾವುದು ಕಲ್ಪನೆ, 1936ರ ನಂತರ ಆ ಮನುಷ್ಯ ಏನು ಮಾಡಿದ ಎಂಬುದನ್ನು ಬಿಡಿಸಿ ಹೇಳಿದ್ದರೆ ಸತ್ತ ಇಬ್ಬರಿಗೂ ನ್ಯಾಯ ಸಿಗುತ್ತಿತ್ತು. ಸತ್ತವನಿಂದ ಕಸಿದುಹೋದದ್ದು ಉತ್ತರ ಕೊಡುವ ಶಕ್ತಿ. ಅವನ ಪರ ಮಾಡಬಹುದಾದ ಕೆಲಸವೂ ಆ ಉತ್ತರವನ್ನು ಕೊಡುವುದೇ.

ನಮ್ಮ ಸಂಹಿತೆಯ ಆ ವಿವರಣೆಯನ್ನು ತಿದ್ದಲು ಕಷ್ಟವೇನಿಲ್ಲ. ಕುಟುಂಬದ ಭಾವನೆ ಎಂಬುದನ್ನು ತೆಗೆದು, ಸುಳ್ಳೆಂದು ಗೊತ್ತಿದ್ದೂ ಹೇಳಿದ ಮಾತು ಎಂದು ಬರೆದರೆ ಸಾಕು. ಸೆರೆಯ ಬದಲು ತಿದ್ದುಪಡಿಯನ್ನು ಪ್ರಕಟಿಸುವ ಆದೇಶ ಇರಲಿ. ನೆಂಟರೇ ಇಲ್ಲದವನ ಪರ ಅವನನ್ನು ಬಲ್ಲ ಯಾರು ಬೇಕಾದರೂ ಅದನ್ನು ಕೇಳುವಂತಿರಲಿ. ಇದಕ್ಕೆ ಅವಕಾಶವೂ ಬಂದಿತ್ತು. 1860ರ ದಂಡ ಸಂಹಿತೆಯನ್ನು ಕಿತ್ತು ಹೊಸದನ್ನು ತರುತ್ತೇವೆಂದು ಸಂಸತ್ತು 2023ರಲ್ಲಿ ಕೂತಾಗ, ಹಳೆಯ 499ನೇ ಕಲಮಿನ ಈ ವಿವರಣೆ ಸಾರದಲ್ಲಿ ಏನೂ ಬದಲಾಗದೆ 356ಕ್ಕೆ ಬಂದು ಕೂತಿತು. 2024ರ ಜುಲೈ 1ರಿಂದ ಅದೇ ಜಾರಿಯಲ್ಲಿದೆ.